ತಿಂಗಳ ಲೆಕ್ಕದಲ್ಲಿ 94 ಮೂಟೆ ಸಿಮೆಂಟ್ ಜಾಸ್ತಿ ಹೋಗಿದೆ. ಎಲ್ಲಿಂದ ಹುಡುಕಲಿ?

ಹೊಸ_ಸ್ಟೋರ್
ಎಲ್ಲರಿಗೂ ನಮಸ್ಕಾರ. ಕಟ್ಟಡದ ಸೈಟ್ ಒಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಸೇರಿ ನಾಲ್ಕು ತಿಂಗಳಾಯಿತು. ಈ ತಿಂಗಳ ಸಿಮೆಂಟ್ ಲೆಕ್ಕ ಹೀಗಿದೆ.

ತಿಂಗಳ ಮೊದಲು ಇದ್ದದ್ದು 120 ಮೂಟೆ. ಬಂದದ್ದು 640. ಕೊನೆಯ ದಿನ ನಾನೇ ಎಣಿಸಿದಾಗ ಉಳಿದದ್ದು 90. ಅಂದರೆ ಖರ್ಚಾದದ್ದು 670 ಮೂಟೆ.

ಬಿಲ್ಲಿಂಗ್ ಇಂಜಿನಿಯರ್ ಅಳೆದು ಕೊಟ್ಟ ಕೆಲಸ ಎರಡೇ ಬಗೆ. ಕಾಂಕ್ರೀಟ್ 60 ಘನ ಮೀಟರ್. ನಮ್ಮ ಮಿಕ್ಸ್‌ಗೆ ಘನ ಮೀಟರ್‌ಗೆ 7.2 ಮೂಟೆ, ಹಾಗಾಗಿ 432. ಒಳಗೋಡೆ ಪ್ಲಾಸ್ಟರ್ 2000 ಚದರ ಮೀಟರ್, 12 ಮಿಮೀ ದಪ್ಪ, ಒಂದು ಭಾಗ ಸಿಮೆಂಟ್‌ಗೆ ಆರು ಭಾಗ ಮರಳಿನ 1:6 ಗಾರೆ. ಅದಕ್ಕೆ 100 ಚದರ ಮೀಟರ್‌ಗೆ 7.2 ಮೂಟೆಯಂತೆ 144. ಎರಡೂ ಸೇರಿ 576 ಆಗಬೇಕಿತ್ತು.

670 ಎಲ್ಲಿ, 576 ಎಲ್ಲಿ. 94 ಮೂಟೆ ಜಾಸ್ತಿ. ಶೇಕಡಾ 16ರ ಮೇಲಾಯಿತು. ನಮ್ಮಲ್ಲಿ ಶೇಕಡಾ 2ರ ವೇಸ್ಟೇಜ್ ಮಾತ್ರ ಒಪ್ಪುತ್ತಾರೆ. ಮ್ಯಾನೇಜರ್ ನೇರವಾಗಿ "ಸ್ಟೋರ್‌ನಿಂದ ಹೊರಗೆ ಹೋಗಿದೆ" ಅಂದರು. ನಾನು ಒಂದು ಮೂಟೆಯನ್ನೂ ಸ್ಲಿಪ್ ಇಲ್ಲದೆ ಕೊಟ್ಟಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ. ಏನು ನೋಡಬೇಕು, ಯಾವುದರಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಗೇಟ್_ರಿಜಿಸ್ಟರ್
ಖಾಲಿ ಚೀಲ ಎಣಿಸಿ. 670 ಚೀಲ ಸಿಕ್ಕಿದರೆ ಕಳ್ಳತನ ಇಲ್ಲ. ಸಿಗದಿದ್ದರೆ ಇದೆ. ಅಷ್ಟೇ.

ಕರಣೆ_ಕೈ
ಅಷ್ಟು ಸುಲಭ ಅಲ್ಲ ಅಣ್ಣ. ಖಾಲಿ ಚೀಲದಲ್ಲಿ ಮರಳು ತುಂಬುತ್ತಾರೆ, ಕ್ಯೂರಿಂಗ್‌ಗೆ ಹಾಸುತ್ತಾರೆ, ಕಸ ಕಟ್ಟುತ್ತಾರೆ. ಅದೂ ಅಲ್ಲದೆ ಖಾಲಿ ಚೀಲ ಹೊರಗಿನಿಂದ ತಂದು ಲೆಕ್ಕ ತುಂಬಿಸುವವರನ್ನೂ ನೋಡಿದ್ದೇನೆ. ಚೀಲ ಸಿಕ್ಕಿತು ಅಂದರೆ ಸಿಮೆಂಟ್ ಗೋಡೆಗೇ ಹೋಯಿತು ಅಂತ ಅರ್ಥ ಅಲ್ಲ.

ಲೆಕ್ಕದ_ಮೇಷ್ಟ್ರು
ತಮ್ಮಾ, ಮೊದಲು ಗಾಬರಿ ಬಿಡು. ನಿನ್ನ ಲೆಕ್ಕದಲ್ಲಿ ಒಂದು ದೊಡ್ಡ ಕೊರತೆ ಇದೆ. 94 ಅನ್ನುವುದು ಎರಡು ಕೆಲಸ ಸೇರಿ ಬಂದ ಮೊತ್ತ. ಒಟ್ಟು ಮೊತ್ತ ಯಾವತ್ತೂ ಏನನ್ನೂ ಹೇಳುವುದಿಲ್ಲ. ಕಾಂಕ್ರೀಟ್‌ಗೆ ಎಷ್ಟು ಕೊಟ್ಟೆ, ಪ್ಲಾಸ್ಟರ್‌ಗೆ ಎಷ್ಟು ಕೊಟ್ಟೆ, ಅದನ್ನು ಬೇರೆ ಮಾಡು. ಸ್ಲಿಪ್‌ನಲ್ಲಿ ಯಾವ ಕೆಲಸಕ್ಕೆ, ಯಾವ ಮಹಡಿಗೆ ಅಂತ ಬರೆದಿದ್ದೀಯಾ?

ಬರೆದಿದ್ದರೆ ಈ ಸಂಜೆ ಕೂತು 670ನ್ನು ಎರಡು ರಾಶಿ ಮಾಡು. ಶೇಕಡಾ 16 ಎರಡರಲ್ಲೂ ಸಮ ಇರುವುದು ಬಹಳ ಕಡಿಮೆ. ಹೆಚ್ಚಾಗಿ ಒಂದೇ ಕಡೆ ಕೂತಿರುತ್ತದೆ.

ನಮ್ಮನೆ_ಕಟ್ಟೋಣ
ನನ್ನದೂ ಇದೇ ಸಮಸ್ಯೆ. ಸ್ವಂತ ಮನೆ ಕಟ್ಟಿಸುತ್ತಿದ್ದೇನೆ. ಮೇಸ್ತ್ರಿ ಹೇಳಿದ್ದಕ್ಕಿಂತ 20 ಮೂಟೆ ಜಾಸ್ತಿ ಕೇಳುತ್ತಿದ್ದಾರೆ. ಕೊಡಬೇಕಾ ಬೇಡವಾ? ಯಾವ ಬ್ರ್ಯಾಂಡ್ ಹಾಕಿದರೆ ಕಡಿಮೆ ಖರ್ಚಾಗುತ್ತದೆ?

ಕರಣೆ_ಕೈ
ಬ್ರ್ಯಾಂಡ್‌ಗೂ ಮೂಟೆ ಲೆಕ್ಕಕ್ಕೂ ಸಂಬಂಧ ಇಲ್ಲ ಸಾರ್. ಎಲ್ಲಾ ಮೂಟೆಯೂ 50 ಕೆಜಿಯೇ. ಮೇಸ್ತ್ರಿ ಯಾವ ಕೆಲಸಕ್ಕೆ ಕೇಳುತ್ತಿದ್ದಾರೆ ಅಂತ ಮೊದಲು ಕೇಳಿ. ಪ್ಲಾಸ್ಟರ್ ಆದರೆ ಈ ಚರ್ಚೆ ಪೂರ್ತಿ ಓದಿ, ನಿಮಗೂ ಉಪಯೋಗ ಆಗುತ್ತದೆ.

ಬಿಲ್_ಅಕ್ಕ
ನಾನು ಬಿಲ್ಲಿಂಗ್ ಕಡೆಯವಳು. ಒಂದು ಪ್ರಶ್ನೆ. ನೀವು ಸ್ಟಾಕ್ ಎಣಿಸಿದ್ದು ಕೊನೆಯ ದಿನ. ಇಂಜಿನಿಯರ್ ಕೆಲಸ ಅಳೆದದ್ದು ಯಾವತ್ತು? ನಮ್ಮಲ್ಲಿ ಬಿಲ್‌ಗೆ 25ನೇ ತಾರೀಕು ಅಳೆಯುತ್ತಿದ್ದೆವು, ಸ್ಟೋರ್ ಲೆಕ್ಕ 30ಕ್ಕೆ ಮುಗಿಯುತ್ತಿತ್ತು. ಮಧ್ಯದ ಐದು ದಿನದ ಸಿಮೆಂಟ್ ಖರ್ಚಲ್ಲಿ ಇರುತ್ತಿತ್ತು, ಕೆಲಸ ಮಾತ್ರ ಇರುತ್ತಿರಲಿಲ್ಲ. ಪ್ರತಿ ತಿಂಗಳೂ ಜಗಳ. ಮುಂದಿನ ತಿಂಗಳು ಅದೇ ಕೆಲಸ ಬಿಲ್‌ಗೆ ಬಂದಾಗ ಸಿಮೆಂಟ್ ಕಡಿಮೆ ಖರ್ಚಾದಂತೆ ಕಾಣುತ್ತಿತ್ತು. ಆಗ ಎಲ್ಲರೂ ಖುಷಿ. ಎರಡೂ ಸುಳ್ಳು ಲೆಕ್ಕವೇ.

ಹೊಸ_ಸ್ಟೋರ್
ಮೇಷ್ಟ್ರೇ, ರಾತ್ರಿ ಕೂತು ಎಲ್ಲಾ ಸ್ಲಿಪ್ ತೆಗೆದೆ. ಪುಣ್ಯಕ್ಕೆ ಮಹಡಿ, ಕೆಲಸ ಎರಡೂ ಬರೆಸಿದ್ದೆ.

ಕಾಂಕ್ರೀಟ್‌ಗೆ ಹೋದದ್ದು 441. ಲೆಕ್ಕದ ಪ್ರಕಾರ 432. ಬರೀ 9 ಜಾಸ್ತಿ.
ಪ್ಲಾಸ್ಟರ್‌ಗೆ ಹೋದದ್ದು 229. ಲೆಕ್ಕದ ಪ್ರಕಾರ 144. ಇಲ್ಲಿ 85 ಜಾಸ್ತಿ!

ಅಕ್ಕಾ, ನೀವು ಕೇಳಿದ್ದು ಸರಿ. ಪ್ಲಾಸ್ಟರ್ ಅಳತೆ ಎರಡು ದಿನ ಮೊದಲೇ ಆಗಿತ್ತು. ಮೆಟ್ಟಿಲ ಗೋಡೆ, ಲಿಫ್ಟ್ ಹತ್ತಿರದ ಗೋಡೆ ಮುಗಿದಿತ್ತು, ಆದರೆ ಫಿನಿಶ್ ನೋಡಿಲ್ಲ ಅಂತ ಅಳೆದಿರಲಿಲ್ಲ. ಇವತ್ತು ಟೇಪ್ ಹಿಡಿದು ನೋಡಿದೆವು. 210 ಚದರ ಮೀಟರ್ ಇದೆ.

ಗೇಟ್_ರಿಜಿಸ್ಟರ್
210ಕ್ಕೆ 15 ಮೂಟೆ. ಇನ್ನೂ 70 ಉಳಿಯಿತಲ್ಲ. ಚೀಲ ಎಣಿಸಿದ್ರಾ?

ಹೊಸ_ಸ್ಟೋರ್
ಎಣಿಸಿದೆ ಸಾರ್. 661 ಸಿಕ್ಕಿತು. 9 ಕಡಿಮೆ.

ಲೆಕ್ಕದ_ಮೇಷ್ಟ್ರು
ಈಗ ದಾರಿಗೆ ಬಂದೆ. ಕಾಂಕ್ರೀಟ್ ಬಿಟ್ಟುಬಿಡು. ಶೇಕಡಾ 2ರ ಆಸುಪಾಸು ಇದೆ. ಅದರ ಕಾರಣವೂ ಬಹುಶಃ ಸಣ್ಣದು. ಸ್ಲ್ಯಾಬ್ ಎಷ್ಟಿದೆ? 250 ಚದರ ಮೀಟರ್ ಸ್ಲ್ಯಾಬ್ ಬರೀ 5 ಮಿಮೀ ದಪ್ಪ ಜಾಸ್ತಿ ಬಿದ್ದರೆ 1.25 ಘನ ಮೀಟರ್ ಆಯಿತು. 7.2ರಂತೆ ಸರಿಯಾಗಿ 9 ಮೂಟೆ. ಶೀಟ್ ಅಡಿಯ ಜಾಕಿ ಒಂದಿಷ್ಟು ಕುಸಿದರೂ ಸಾಕು. ಅಳತೆಯವರು ಡ್ರಾಯಿಂಗ್ ದಪ್ಪವನ್ನೇ ಬರೆಯುತ್ತಾರೆ.

ಪ್ಲಾಸ್ಟರ್‌ಗೆ ಬಾ. ಒಂದು ಮಾತು ನೆನಪಿಟ್ಟುಕೊ, ಜೇಬಲ್ಲಿ ಬರೆದಿಟ್ಟುಕೊ. 1:6ರಲ್ಲಿ ಒಂದು ಘನ ಮೀಟರ್ ಗಾರೆಗೆ 5 ಮೂಟೆ ಬೇಕು. ಅಂದರೆ ಒಂದು ಮೂಟೆಗೆ ಸುಮಾರು 200 ಲೀಟರ್ ಗಾರೆ. 12 ಮಿಮೀ ಪ್ಲಾಸ್ಟರ್ ಅಂದರೂ ಕೀಲು ತುಂಬಲು, ಏರುತಗ್ಗು ಮುಚ್ಚಲು ಸೇರಿಸಿ 100 ಚದರ ಮೀಟರ್‌ಗೆ 1.44 ಘನ ಮೀಟರ್ ಗಾರೆ ಹಿಡಿಯುತ್ತೇವೆ. ಹಾಗಾಗಿ ಒಂದು ಮೂಟೆಗೆ ಸುಮಾರು 14 ಚದರ ಮೀಟರ್ ಗೋಡೆ ಮುಗಿಯಬೇಕು.

ನಿನ್ನಲ್ಲಿ 2210 ಚದರ ಮೀಟರ್‌ಗೆ 229 ಮೂಟೆ. ಭಾಗಿಸು. ಮೂಟೆಗೆ 9.65 ಚದರ ಮೀಟರ್ ಮಾತ್ರ. 14 ಬರಬೇಕಾದ ಕಡೆ ಹತ್ತೂ ಬಂದಿಲ್ಲ. ಇದಕ್ಕೆ ಎರಡೇ ಕಾರಣ ಇರಬಹುದು. ಗಾರೆ ದಪ್ಪ ಬಿದ್ದಿದೆ, ಇಲ್ಲ ಗಾರೆಯಲ್ಲಿ ಸಿಮೆಂಟ್ ಜಾಸ್ತಿ ಇದೆ. ಮೂರನೆಯದು ಕಳ್ಳತನ. ಅದನ್ನು ಕೊನೆಗೆ ನೋಡು. ಮೊದಲೆರಡನ್ನು ಗೋಡೆಯೇ ಹೇಳುತ್ತದೆ.

ಎಲೆಕ್ಟ್ರಿಷಿಯನ್‌ಗಳು ಗೋಡೆ ಕೊರೆದ ಜಾಗ, ಸ್ವಿಚ್ ಬಾಕ್ಸ್ ಅಂಚು, ಕಿಟಕಿ ಪಕ್ಕ ಇವೆಲ್ಲ ನೋಡು. ಅಲ್ಲಿ ಪ್ಲಾಸ್ಟರ್ ದಪ್ಪ ಕಣ್ಣಿಗೇ ಕಾಣುತ್ತದೆ. ಕಾಣದ ಕಡೆ ಸಣ್ಣ ಡ್ರಿಲ್ ಹಾಕಿ ತಂತಿಯಲ್ಲಿ ಅಳೆ. ಒಂದೇ ರೂಮ್‌ನಲ್ಲಿ ಅಲ್ಲ. ಪ್ರತಿ ಮಹಡಿಯಲ್ಲೂ, ಗೋಡೆಯ ಮೇಲೆ, ಮಧ್ಯೆ, ಕೆಳಗೆ.

ಮರಳು_ಜರಡಿ
ಮೇಷ್ಟ್ರು ಹೇಳಿದ ಎರಡನೇ ಕಾರಣವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲ್ಲ. ನಾನು ಹೇಳುತ್ತೇನೆ. ಒದ್ದೆ ಮರಳು ಉಬ್ಬುತ್ತದೆ. ಸ್ವಲ್ಪ ತೇವ ಇದ್ದರೆ ಸಾಕು, ಕಾಲು ಭಾಗದಷ್ಟು ಉಬ್ಬಬಹುದು. ಆರು ಬಾಂಡ್ಲಿ ಹಾಕಿದೆ ಅಂದುಕೊಂಡರೆ ನಿಜಕ್ಕೂ ಐದಕ್ಕಿಂತ ಕಡಿಮೆ ಮರಳು ಬಿದ್ದಿರುತ್ತದೆ. 1:6 ಅಂತ ಬರೆದು 1:5ರ ಗಾರೆ ಹಚ್ಚುತ್ತಾರೆ. ಗಾರೆ ಕಡಿಮೆ ಆಗುತ್ತದೆ, ಮತ್ತೆ ಮೂಟೆ ಒಡೆಯುತ್ತಾರೆ. ಈ ತಿಂಗಳು ನಿಮ್ಮಲ್ಲಿ ಮಳೆ ಇತ್ತಾ?

ಹೊಸ_ಸ್ಟೋರ್
ಹತ್ತು ದಿನ ಇತ್ತು. ಮರಳಿಗೆ ಹೊದಿಕೆ ಇರಲಿಲ್ಲ.

ಮರಳು_ಜರಡಿ
ನೋಡಿ, ಸಿಕ್ಕಿತಲ್ಲ. ಗಾಜಿನ ಉದ್ದ ಬಾಟಲಿ ತಗೊಳ್ಳಿ, ಒದ್ದೆ ಮರಳು ಸಡಿಲವಾಗಿ 20 ಸೆಂಮೀ ತನಕ ತುಂಬಿಸಿ. ಆಮೇಲೆ ಮರಳು ಪೂರ್ತಿ ಮುಳುಗುವಷ್ಟು ನೀರು ಹಾಕಿ ಕಲಕಿ, ಕೂರಲು ಬಿಡಿ. ಮರಳು 16ಕ್ಕೆ ಇಳಿದರೆ ಶೇಕಡಾ 25 ಉಬ್ಬಿತ್ತು ಅಂತ. ನೀರು ತುಂಬಿದ ಮೇಲೆ ಉಬ್ಬು ಇರಲ್ಲ.

ಬಾರ್_ಬೆಂಡಿಂಗ್
ಸಿಮೆಂಟ್ ಹೋಗಲಿ, ನನ್ನ ಕಬ್ಬಿಣದ ಕಥೆ ಕೇಳಿ. 20 ಟನ್ ಬಂತು, ವೇಬ್ರಿಜ್ ಚೀಟಿ ಇದೆ. ರಾಡ್ ಕತ್ತರಿಸಿ ಬಗ್ಗಿಸುವ ಪಟ್ಟಿ, ಅಂದರೆ ಬಿಬಿಎಸ್ ಪ್ರಕಾರ ಕಟ್ಟಿದ್ದು 18.5 ಟನ್. ಯಾರ್ಡ್‌ನಲ್ಲಿ ಉಳಿದ ರಾಡ್, ತುಂಡು ಎಲ್ಲಾ ಎಣಿಸಿ ಲೆಕ್ಕ ಹಾಕಿದರೆ 0.9. ಒಟ್ಟು 19.4. ಉಳಿದ 600 ಕೆಜಿ ಎಲ್ಲಿ? ನನ್ನ ಮೇಲೂ ಇದೇ ಆರೋಪ. ಮೀಟರ್‌ಗೆ ಎಷ್ಟು ಕೆಜಿ ಅಂತ ರಾಡ್‌ನ ಮಿಮೀ ಸೈಜ್ ಹಿಡಿದು ಡಿ ಸ್ಕ್ವೇರ್ ಬೈ 162 ಹಾಕಿಯೇ ಲೆಕ್ಕ ಮಾಡಿದ್ದೇನೆ, ಅದರಲ್ಲಿ ತಪ್ಪೇ ಬರಲ್ಲ.

ಲೆಕ್ಕದ_ಮೇಷ್ಟ್ರು
ತಪ್ಪು ಅಲ್ಲೇ ಇದೆ. ಆ ಸೂತ್ರ ಕೊಡುವುದು ಪುಸ್ತಕದ ತೂಕ. ವೇಬ್ರಿಜ್ ತೋರಿಸುವುದು ನಿಜವಾದ ತೂಕ. ಕಾರ್ಖಾನೆಯಲ್ಲಿ ರಾಡ್ ಮಾಡುವಾಗ ಸ್ವಲ್ಪ ದಪ್ಪ, ಸ್ವಲ್ಪ ತೆಳು ಬರುತ್ತದೆ. ಐಎಸ್ 1786 ಪ್ರಕಾರವೇ 10 ಮಿಮೀ ತನಕ ಶೇಕಡಾ 7, 16ರ ತನಕ 5, ಅದರ ಮೇಲೆ 3 ಆಚೀಚೆ ಇರಬಹುದು. ನೀನು ತೂಕದಲ್ಲಿ ತಗೊಂಡು ಉದ್ದದಲ್ಲಿ ಲೆಕ್ಕ ಕೊಡುತ್ತಿದ್ದೀಯ. ಮಧ್ಯದ ವ್ಯತ್ಯಾಸ ಎಲ್ಲಿಗೆ ಹೋಗುತ್ತದೆ?

ಅದೇ ಲೋಡ್‌ನ ಒಂದು ಮೀಟರ್ ತುಂಡುಗಳನ್ನು ತೂಗಿ ನೋಡು. ಹೆಚ್ಚಾಗಿ ಯಾವ ಸೈಜ್?

ಬಾರ್_ಬೆಂಡಿಂಗ್
ಬಹುತೇಕ 12 ಮಿಮೀ. ಐದು ತುಂಡು ತೂಗಿ ಬರುತ್ತೇನೆ.

ಬಿಲ್_ಅಕ್ಕ
ತೂಗುವಾಗ ಬೇರೆ ಬೇರೆ ಕಟ್ಟಿನಿಂದ ತೆಗೆಯಿರಿ. ಒಂದೇ ರಾಡ್‌ನ ಐದು ತುಂಡು ತೂಗಿದರೆ ಒಂದನ್ನೇ ಐದು ಸಲ ತೂಗಿದಂತೆ.

ಹೊಸ_ಸ್ಟೋರ್
ಪ್ಲಾಸ್ಟರ್ ದಪ್ಪ ನೋಡಿದೆವು. ಇಂಜಿನಿಯರ್ ಜೊತೆಗಿದ್ದರು. 24 ಜಾಗ. ಕಡಿಮೆ ಅಂದರೆ 11 ಮಿಮೀ, ಜಾಸ್ತಿ ಅಂದರೆ 31. ಸರಾಸರಿ 18.

31 ಬಂದದ್ದು ಎಲ್ಲಿ ಗೊತ್ತಾ? ಕಾಲಂ ಪಕ್ಕದ ಗೋಡೆಯಲ್ಲಿ. ಕಾಲಂ ಮುಖ ಗೋಡೆಗಿಂತ ಮುಂದೆ ಬಂದಿದೆ. ಅದನ್ನು ಒಂದೇ ಸಮಕ್ಕೆ ತರಲು ಇಡೀ ಗೋಡೆಗೆ ದಪ್ಪ ಹಾಕಿದ್ದಾರೆ. ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು. ನಾಲ್ಕು ದಿನದಿಂದ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಲೆಕ್ಕದ_ಮೇಷ್ಟ್ರು
ಈಗ ಜೋಡಿಸೋಣ. 15 ಮಿಮೀಗೆ 100 ಚದರ ಮೀಟರ್‌ಗೆ 1.72 ಘನ ಮೀಟರ್ ಗಾರೆ, 20 ಮಿಮೀಗೆ 2.24 ಹಿಡಿಯುತ್ತೇವೆ. 18ಕ್ಕೆ ಸುಮಾರು 2.03. ಐದರಿಂದ ಗುಣಿಸಿದರೆ 10.2 ಮೂಟೆ. ಲೆಕ್ಕದಲ್ಲಿ 7.2 ಹಾಕಿದ್ದೆ. ನೂರು ಚದರಕ್ಕೆ 3 ಮೂಟೆಯಷ್ಟು ವ್ಯತ್ಯಾಸ. 2000ಕ್ಕೆ ಸುಮಾರು 59 ಮೂಟೆ ದಪ್ಪಕ್ಕೇ ಹೋಯಿತು.

ಅಳೆಯದೆ ಉಳಿದ 210 ಚದರ ಮೀಟರ್‌ಗೂ ಅದೇ ದಪ್ಪ ಅಂದರೆ 21 ಮೂಟೆ. ಎರಡೂ ಸೇರಿ 80. ನಿನ್ನ 85ರಲ್ಲಿ ಉಳಿದದ್ದು 5. ಒಡೆದ ಮೂಟೆ, ಸಂಜೆ ಗಟ್ಟಿಯಾಗಿ ಎಸೆದ ಗಾರೆ, ನೆಲಕ್ಕೆ ಬಿದ್ದದ್ದು, ಇದೆಲ್ಲ ಸೇರಿ 5 ಏನೂ ದೊಡ್ಡದಲ್ಲ.

ಗೇಟ್_ರಿಜಿಸ್ಟರ್
ಒಪ್ಪಿದೆ. ನಾನು ಮೊದಲೇ ಕಳ್ಳತನ ಅಂದದ್ದು ತಪ್ಪು. ಆದರೆ ಆ 9 ಚೀಲ?

ಕರಣೆ_ಕೈ
ಮಳೆಯಲ್ಲಿ ಹತ್ತು ದಿನ ಕೆಲಸ ಮಾಡಿದ ಸೈಟ್‌ನಲ್ಲಿ 670ಕ್ಕೆ 9 ಚೀಲ ತಪ್ಪಿದೆ ಅಂದರೆ ಸ್ಟೋರ್ ಚೆನ್ನಾಗಿ ನಡೆದಿದೆ ಅಂತ. ತಲೆ ಮೇಲೆ ಹಾಕಿಕೊಂಡು ಓಡಾಡುತ್ತಾರೆ ಜನ.

ಮರಳು_ಜರಡಿ
ನಿಲ್ಲಿ ನಿಲ್ಲಿ. ಮರಳಿನ ಮಾತು ಎಲ್ಲರೂ ಮರೆತರಲ್ಲ. ಹತ್ತು ದಿನ ಮಳೆ, ಹೊದಿಕೆ ಇಲ್ಲದ ಮರಳು. ಸಿಮೆಂಟ್ ಜಾಸ್ತಿ ಹೋಗಿಯೇ ಹೋಗಿರುತ್ತದೆ. ದಪ್ಪಕ್ಕೇ ಎಲ್ಲಾ ಹಾಕಿಬಿಟ್ಟರೆ ಹೇಗೆ?

ಲೆಕ್ಕದ_ಮೇಷ್ಟ್ರು
ನಿಮ್ಮ ಮಾತು ತಪ್ಪಲ್ಲ, ಆದರೆ ಪರೀಕ್ಷೆ ಮಾಡಿ ನೋಡೋಣ. 18 ಮಿಮೀ ದಪ್ಪವೂ ನಿಜ, ಎಲ್ಲಾ ದಿನವೂ ಮರಳು ಕಾಲು ಭಾಗ ಉಬ್ಬಿದ್ದೂ ನಿಜ ಅಂದುಕೊಳ್ಳಿ. ಆಗ 2210 ಚದರ ಮೀಟರ್‌ಗೆ ಸುಮಾರು 280 ಮೂಟೆ ಹೋಗಬೇಕಿತ್ತು. ಹೋದದ್ದು 229. ಎರಡೂ ಪೂರ್ತಿ ನಿಜ ಆಗಲು ಸಾಧ್ಯ ಇಲ್ಲ. ಒಂದೋ ಸರಾಸರಿ ದಪ್ಪ 18ಕ್ಕಿಂತ ಕಡಿಮೆ, ಇಲ್ಲ ಉಬ್ಬು ಅಷ್ಟಿರಲಿಲ್ಲ.

ಮರಳು_ಜರಡಿ
ಇಲ್ಲವೇ ಗಾರೆಯವರು ಏಳು ಬಾಂಡ್ಲಿ ಹಾಕಿದ್ದಾರೆ. ಉಬ್ಬಿನ ಮೇಲೆ ಒಂದು ಜಾಸ್ತಿ ಹಾಕಿದರೆ ಬಹುಮಟ್ಟಿಗೆ ಸಮ ಆಗುತ್ತದೆ. 24 ಜಾಗ ಅಳೆದದ್ದೂ ಹೆಚ್ಚಾಗಿ ಅನುಮಾನ ಇದ್ದ ಕಡೆಯೇ ಇರಬೇಕು. ಕಾಲಂ ಪಕ್ಕ ಹೆಚ್ಚು ಅಳೆದರೆ ಸರಾಸರಿ ಮೇಲೆ ಹೋಗುತ್ತದೆ.

ಹೊಸ_ಸ್ಟೋರ್
ನಿಜ ಸಾರ್. 24ರಲ್ಲಿ 9 ಕಾಲಂ ಅಥವಾ ಬೀಮ್ ಹತ್ತಿರ.

ಲೆಕ್ಕದ_ಮೇಷ್ಟ್ರು
ಹಾಗಾದರೆ 59 ಅನ್ನುವುದು ಸ್ವಲ್ಪ ಇಳಿಯಬಹುದು, ಉಳಿದದ್ದು ಮರಳಿಗೆ ಹೋಗಬಹುದು. ಜರಡಿಯವರೇ, ಈ ಮಾತು ನಿಮ್ಮದೇ. ನಡುಗೋಡೆಯಲ್ಲಿ ಇನ್ನೂ ಹತ್ತು ಜಾಗ ನೋಡು ತಮ್ಮಾ.

ಬಾಕಿ_ಬಿಲ್
ನಾನು ಪ್ಲಾಸ್ಟರ್ ಲೇಬರ್ ಕಂಟ್ರಾಕ್ಟರ್. ಈ ಥರದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ನಮ್ಮ ಬಿಲ್ ಮೇಲೆ. "ಸಿಮೆಂಟ್ ಜಾಸ್ತಿ ಹಾಕಿದ್ದೀಯಾ, ಕಟ್" ಅಂತಾರೆ. ಕಾಲಂ ಹೊರಗೆ ಬಂದದ್ದು ನನ್ನ ತಪ್ಪಾ? ಸೆಂಟ್ರಿಂಗ್‌ನವರು ಶೀಟ್ ಸರಿಯಾಗಿ ಬಿಗಿ ಮಾಡಲಿಲ್ಲ. ಬ್ಲಾಕ್ ಕಟ್ಟಿದವರು ಗುಂಡು ಬಿಟ್ಟು ನೋಡಲಿಲ್ಲ. ನಾನು ಬರುವಷ್ಟರಲ್ಲಿ ಅವರೆಲ್ಲ ಬಿಲ್ ತಗೊಂಡು ಹೋಗಿರುತ್ತಾರೆ. ದಪ್ಪ ಹಾಕಿದ್ದಕ್ಕೆ ನನ್ನ ಜನಕ್ಕೂ ಎರಡು ಕೋಟ್ ಕೆಲಸ ಬಿತ್ತು, ಅದಕ್ಕೆ ದುಡ್ಡು ಯಾರು ಕೊಟ್ಟರು?

ಬಿಲ್_ಅಕ್ಕ
ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ. ಆದರೆ ನೀವೂ ಒಂದು ಕೆಲಸ ಮಾಡಬೇಕು. ಪ್ಲಾಸ್ಟರ್ ಎಲ್ಲಿಯ ತನಕ ಬರಬೇಕು ಅಂತ ಗೋಡೆ ಮೇಲೆ ಗಾರೆಯ ಗುರುತು, ಬುಲ್ ಮಾರ್ಕ್ ಇಟ್ಟ ದಿನವೇ ದಪ್ಪ ಗೊತ್ತಾಗುತ್ತದೆ. ಆಗಲೇ ಇಂಜಿನಿಯರ್‌ನ ಕರೆದು ತೋರಿಸಿ, ರಿಜಿಸ್ಟರ್‌ನಲ್ಲಿ "ಈ ಗೋಡೆ 25 ಮಿಮೀ" ಅಂತ ಬರೆಸಿ, ಸಹಿ ಹಾಕಿಸಿ. ಗಾರೆ ಹಚ್ಚಿದ ಮೇಲೆ ಹೇಳಿದರೆ ಯಾರೂ ನಂಬಲ್ಲ.

ಬಾಕಿ_ಬಿಲ್
ಸಹಿ ಹಾಕಿದರೆ ಅವರ ತಪ್ಪು ಅವರೇ ಒಪ್ಪಿದಂತೆ ಅಲ್ವಾ ಮೇಡಂ. ಯಾರು ಹಾಕುತ್ತಾರೆ? ಮೂರು ಸೈಟ್‌ನಲ್ಲಿ ಕೇಳಿದ್ದೇನೆ, ಒಬ್ಬರೂ ಹಾಕಲಿಲ್ಲ.

ಕರಣೆ_ಕೈ
ಹಾಕದಿದ್ದರೆ ಮಾರ್ಕ್ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದು ಗ್ರೂಪ್‌ಗೆ ಹಾಕಿ ಅಣ್ಣ. ತಾರೀಕು ಅದರಲ್ಲೇ ಇರುತ್ತದೆ. ನಾನು ಹಾಗೇ ಮಾಡುವುದು. ಇನ್ನೊಂದು, ಮುಂದೆ ಬಂದ ಕಾಂಕ್ರೀಟ್ ಕೆತ್ತಿದರೆ ಆಗುತ್ತದೆ ಅಂತ ಕೆಲವರು ಅಂತಾರೆ. ಒಂದೆರಡು ಕಡೆ ಉಬ್ಬಿದ್ದರೆ ಇಂಜಿನಿಯರ್ ಕೇಳಿ ಕೆತ್ತಬಹುದು. ಕಾಲಂ ಪೂರ್ತಿ ವಾಲಿದ್ದರೆ ಕೆತ್ತಬಾರದು, ಒಳಗಿನ ಕಬ್ಬಿಣಕ್ಕೆ ಮೇಲಿನ ಕವರ್ ಹೋಗಿಬಿಡುತ್ತದೆ.

ಬಾರ್_ಬೆಂಡಿಂಗ್
ತೂಗಿ ಬಂದೆ. ಐದು ಕಟ್ಟು, ಐದು ತುಂಡು. ಸರಾಸರಿ ಮೀಟರ್‌ಗೆ 905 ಗ್ರಾಂ. ಪುಸ್ತಕದಲ್ಲಿ 888. ಶೇಕಡಾ 1.9 ಭಾರ.

ಲೆಕ್ಕದ_ಮೇಷ್ಟ್ರು
19.4 ಟನ್‌ಗೆ ಅದನ್ನು ಸೇರಿಸು. 19.77 ಆಯಿತು. ನಿನ್ನ 600 ಕೆಜಿಯಲ್ಲಿ 370 ರಾಡ್ ಒಳಗೇ ಇತ್ತು. ಉಳಿದದ್ದು 230. ಬಿಬಿಎಸ್‌ನಲ್ಲಿ ಚೇರ್ ಹಾಕಿದ್ದೀಯಾ? ಸ್ಲ್ಯಾಬ್‌ನ ಮೇಲಿನ ಜಾಲರಿ ನಿಲ್ಲಿಸುವ ಚೇರ್, ಬೀಮ್‌ನ ಎರಡು ಸಾಲಿನ ಮಧ್ಯೆ ಇಡುವ ತುಂಡು?

ಬಾರ್_ಬೆಂಡಿಂಗ್
ಇಲ್ಲ. ಡ್ರಾಯಿಂಗ್‌ನಲ್ಲಿ ಇಲ್ಲ ಅಂತ ಬಿಟ್ಟಿದ್ದೆ.

ಲೆಕ್ಕದ_ಮೇಷ್ಟ್ರು
ಅಲ್ಲಿಗೆ ಬಹುಪಾಲು ಮುಗಿಯಿತು. ಎಣಿಸಿ ಸೇರಿಸು. ಮುಂದಿನ ಲೋಡ್ ಇಳಿದ ದಿನವೇ ಪ್ರತಿ ಸೈಜ್ ತೂಗಿ ಬರೆದಿಡು. ತಿಂಗಳ ಕೊನೆಗೆ ಆ ಲೋಡ್‌ನ ರಾಡ್ ಸಿಗುವುದೇ ಕಷ್ಟ. ತೆಳು ರಾಡ್ ಬಂದರೆ ಇದೇ ಲೆಕ್ಕ ಉಲ್ಟಾ ಆಗುತ್ತದೆ. ಬರೀ ಕಾಗದದಲ್ಲಿ ಕಬ್ಬಿಣ ಉಳಿದಂತೆ ಕಾಣುತ್ತದೆ.

ನಮ್ಮನೆ_ಕಟ್ಟೋಣ
ಕಡಿಮೆ ಖರ್ಚಾದರೆ ಒಳ್ಳೆಯದೇ ಅಲ್ವಾ? ಅದರಲ್ಲಿ ಏನು ತೊಂದರೆ?

ಬಿಲ್_ಅಕ್ಕ
ಕಬ್ಬಿಣ, ಸಿಮೆಂಟ್ ಎರಡರಲ್ಲೂ ಕಡಿಮೆ ಖರ್ಚು ಕಂಡರೆ ನನಗೆ ಜಾಸ್ತಿ ಭಯ. ಒಂದು ಸೈಟ್‌ನಲ್ಲಿ ಕಾಲಂ ಕಾಂಕ್ರೀಟ್ 20 ಘನ ಮೀಟರ್ ಆಯಿತು. 144 ಮೂಟೆ ಹೋಗಬೇಕು, ಹೋದದ್ದು 126. "18 ಮೂಟೆ ಉಳಿಸಿದೆವು" ಅಂತ ಮೀಟಿಂಗ್‌ನಲ್ಲಿ ಹೊಗಳಿದರು. ನಾನು ಅಲ್ಲೇ ಕೂತಿದ್ದೆ, ಏನೋ ಸರಿ ಇಲ್ಲ ಅನಿಸಿತು, ಆದರೆ ಬಾಯಿ ಬಿಡಲಿಲ್ಲ. ಕಾಲಂ ಗಾತ್ರ ಅಷ್ಟೇ ಇದೆ, ಸಿಮೆಂಟ್ ಕಡಿಮೆ ಅಂದರೆ ಅಲ್ಲಿ ಜಲ್ಲಿ ಮರಳು ಜಾಸ್ತಿ ಬಿದ್ದಿದೆ ಅಂತ. 28ನೇ ದಿನ ಅದೇ ಕಾಂಕ್ರೀಟ್‌ನ ಕ್ಯೂಬ್ ಒಡೆದು ನೋಡಿದಾಗ ಬಲ ಕಡಿಮೆ ಬಂತು. ಮಿಕ್ಸರ್ ಹತ್ತಿರ ಇದ್ದವನು ಪ್ರತಿ ಮೂಟೆಗೆ ಜಲ್ಲಿ, ಮರಳು ಜಾಸ್ತಿ ಹಾಕುತ್ತಿದ್ದ. ಬೇಗ ಮುಗಿಸುವ ಅವಸರ. ಆಮೇಲೆ ಕೋರ್ ತೆಗೆದು ಪರೀಕ್ಷೆ ಮಾಡುವ ತನಕ ಹೋಯಿತು.

ಅವತ್ತಿನಿಂದ ಕಾಂಕ್ರೀಟ್ ಲೆಕ್ಕವನ್ನು ತಿಂಗಳಿಗೆ ಬಿಡುವುದಿಲ್ಲ. ಪ್ರತಿ ಕಾಂಕ್ರೀಟ್ ಮುಗಿದ ಸಂಜೆಯೇ ಮೂಟೆ ಎಣಿಸುತ್ತೇನೆ. ಮೇಲೆ ಹೋದರೂ ಕೇಳುತ್ತೇನೆ, ಕೆಳಗೆ ಬಂದರೂ ಕೇಳುತ್ತೇನೆ.

ನಮ್ಮನೆ_ಕಟ್ಟೋಣ
ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ನಾಳೆಯೇ ಹೋಗಿ ಗೋಡೆ ದಪ್ಪ ನೋಡುತ್ತೇನೆ. 20 ಮೂಟೆ ಪ್ಲಾಸ್ಟರ್‌ಗೇ ಕೇಳಿದ್ದು.

ಹೊಸ_ಸ್ಟೋರ್
ಈಗ ಮುಂದಿನ ತಿಂಗಳಿಗೆ ಏನು ಮಾಡಲಿ? ತಿಂಗಳ ಕೊನೆಗೆ ಗೊತ್ತಾದರೆ ಗೋಡೆ ಆಗಿಹೋಗಿರುತ್ತದೆ.

ಲೆಕ್ಕದ_ಮೇಷ್ಟ್ರು
ಕೆಲಸ ನೋಡಿ ಕೊಡು, ಕೇಳಿದ್ದಕ್ಕೆ ಕೊಡಬೇಡ. ಇಷ್ಟೇ ಬದಲಾವಣೆ. ಈಗ ಏನಾಗುತ್ತಿದೆ ಅಂದರೆ ಬೆಳಿಗ್ಗೆ ಮೇಸ್ತ್ರಿ ಬಂದು "ಹತ್ತು ಮೂಟೆ" ಅಂತಾನೆ, ನೀನು ಸ್ಲಿಪ್ ಹರಿದು ಕೊಡುತ್ತೀಯ. ಸ್ಲಿಪ್ ಸರಿ ಇದೆ, ಆದರೆ ಆ ಹತ್ತಕ್ಕೂ ಗೋಡೆಗೂ ಸಂಬಂಧ ಯಾರೂ ನೋಡಿಲ್ಲ.

ಹಿಂದಿನ ಸಂಜೆಯೇ ಇಂಜಿನಿಯರ್ ಹತ್ತಿರ ಬರೆಸಿಕೊ. ನಾಳೆ ಯಾವ ರೂಮ್, ಎಷ್ಟು ಚದರ ಮೀಟರ್. 60 ಚದರ ಮೀಟರ್ ರೂಮ್ ಅಂದುಕೊ. ಮೂಟೆಗೆ 14ರಂತೆ ನಾಲ್ಕು ಚಿಲ್ಲರೆ. ಬೆಳಿಗ್ಗೆ ನಾಲ್ಕು ಕೊಡು. ಐದನೆಯದು ಕೇಳಿದರೆ ಕೊಡು, ಆದರೆ ಸ್ಲಿಪ್ ಮೇಲೆ ಇಂಜಿನಿಯರ್ ಸಹಿ ಬೇಕು. ಆರನೆಯದು ಕೇಳಿದರೆ ಅವರು ಹೋಗಿ ಗೋಡೆ ನೋಡಿಯೇ ಸಹಿ ಹಾಕಬೇಕು. ದಪ್ಪ 18 ಇದ್ದರೆ ಆ ರೂಮ್‌ಗೆ ಆರು ಬೇಕೇ ಬೇಕು. ಕೊಡಬಾರದು ಅಂತಲ್ಲ. ಯಾಕೆ ಬೇಕಾಯಿತು ಅನ್ನುವುದು ಅವತ್ತೇ ಬರೆದಿರಬೇಕು.

ಸಂಜೆ ಒಡೆಯದ ಮೂಟೆ ವಾಪಸ್ ಬರಲಿ. ವಾಪಸ್ ಬಂದದ್ದಕ್ಕೂ ಸ್ಲಿಪ್. ಇದನ್ನು ಬಹಳ ಜನ ಬಿಡುತ್ತಾರೆ. ರೂಮ್‌ನಲ್ಲಿ ಬಿಟ್ಟ ಎರಡು ಮೂಟೆ ಬೇರೆ ಕೆಲಸಕ್ಕೆ ಹೋಗುತ್ತದೆ, ಹೆಸರು ಪ್ಲಾಸ್ಟರ್‌ದು.

ಕರಣೆ_ಕೈ
ಒಂದು ಎಚ್ಚರಿಕೆ. ಲೆಕ್ಕ ಬಿಗಿ ಮಾಡಿದರೆ ಗಾರೆಯವರು ಮೂಟೆ ಕೇಳುವ ಬದಲು ಮರಳು ಜಾಸ್ತಿ ಹಾಕಿ ಹೊಂದಿಸುತ್ತಾರೆ. ಆಗ ನಿಮ್ಮ ಲೆಕ್ಕ ಸರಿ ಬರುತ್ತದೆ, ಪ್ಲಾಸ್ಟರ್ ಮಾತ್ರ ಉಗುರಲ್ಲಿ ಕೆರೆದರೆ ಉದುರುತ್ತದೆ. ಮಿಕ್ಸ್ ಮಾಡುವ ಜಾಗದಲ್ಲಿ ಅಳತೆ ಪೆಟ್ಟಿಗೆ ಇಡಿಸಿ. ಬಾಂಡ್ಲಿಗೆ ಭರವಸೆ ಇಲ್ಲ, ಒಬ್ಬ ಗೋಪುರ ಮಾಡಿ ತುಂಬುತ್ತಾನೆ, ಇನ್ನೊಬ್ಬ ಮಟ್ಟ ಮಾಡುತ್ತಾನೆ. ಮೂಟೆ 35 ಲೀಟರ್ ಅಂತ ಹಿಡಿದು ಅದೇ ಗಾತ್ರದ ಪೆಟ್ಟಿಗೆ ಮಾಡಿಸಿದರೆ ಒಂದು ಮೂಟೆಗೆ ಆರು ಪೆಟ್ಟಿಗೆ ಮರಳು, ಗೊಂದಲವೇ ಇಲ್ಲ.

ಮರಳು_ಜರಡಿ
ಒದ್ದೆ ಇದ್ದ ದಿನ ಆರು ಅಲ್ಲ, ಏಳೂವರೆ ತನಕ ಬೇಕಾಗಬಹುದು. ಬಾಟಲಿ ಪರೀಕ್ಷೆ ಮಾಡಿಯೇ ಹೇಳಬೇಕು. ಮತ್ತೆ ಮರಳಿಗೆ ಹೊದಿಕೆ ಹಾಕಿಸಿ ಮಾರಾಯರೇ.

ಬಾಕಿ_ಬಿಲ್
ಇದೆಲ್ಲ ಸರಿ. ನಾಲ್ಕು ಮೂಟೆ ಕೊಟ್ಟು ಐದಕ್ಕೆ ಇಂಜಿನಿಯರ್ ಹುಡುಕಿಕೊಂಡು ಹೋಗಬೇಕಾದರೆ ನನ್ನ ನಾಲ್ಕು ಜನ ಒಂದು ಗಂಟೆ ಕೈಕಟ್ಟಿ ಕೂರುತ್ತಾರೆ. ಅವರ ಕೂಲಿ ಯಾರು ಕೊಡುತ್ತಾರೆ? ಸಹಿ ಹಾಕುವವರು ಆ ಮಹಡಿಯಲ್ಲೇ ಇರಬೇಕು ಅಂತ ಮೊದಲು ನಿಯಮ ಮಾಡಿ.

ಹೊಸ_ಸ್ಟೋರ್
ಅಣ್ಣ, ಆ ಮಾತು ನಾಳೆ ಮೀಟಿಂಗ್‌ನಲ್ಲಿ ಇಡುತ್ತೇನೆ. ಬೆಳಿಗ್ಗೆ ಬುಲ್ ಮಾರ್ಕ್ ನೋಡಿದ ಮೇಲೆಯೇ ಆ ರೂಮ್‌ನ ಮೂಟೆ ಲೆಕ್ಕ ತೀರ್ಮಾನ ಮಾಡಿದರೆ ಮಧ್ಯಾಹ್ನ ಹುಡುಕುವ ಕೆಲಸ ಇರಲ್ಲ ಅನಿಸುತ್ತದೆ.

ಮ್ಯಾನೇಜರ್‌ಗೆ ಎಲ್ಲಾ ತೋರಿಸಿದೆ. ಕಾಲಂ ಪಕ್ಕದ 31 ಮಿಮೀ ಕಣ್ಣಾರೆ ನೋಡಿದರು. ಸ್ಟೋರ್ ಮೇಲಿನ ಮಾತು ವಾಪಸ್ ತಗೊಂಡರು. ಆದರೆ 59 ಮೂಟೆಯನ್ನು ಯಾರ ಬಿಲ್‌ನಲ್ಲಿ ಹಿಡಿಯಬೇಕು ಅಂತ ಇನ್ನೂ ಜಗಳ ನಡೆಯುತ್ತಿದೆ. ಸೆಂಟ್ರಿಂಗ್‌ನವರು ಬ್ಲಾಕ್‌ನವರ ಮೇಲೆ ಹೇಳುತ್ತಾರೆ, ಬ್ಲಾಕ್‌ನವರು ಸೆಂಟ್ರಿಂಗ್ ಮೇಲೆ.

ಬಾಕಿ_ಬಿಲ್
ಪ್ಲಾಸ್ಟರ್‌ನವರ ಬಿಲ್‌ನಲ್ಲಿ ಹಿಡಿಯದಂತೆ ನೋಡಿಕೊಳ್ಳಿ ತಮ್ಮಾ. ಅವರ ಪರವಾಗಿ ಕೇಳುತ್ತಿದ್ದೇನೆ.

ಬಿಲ್_ಅಕ್ಕ
ಮೇಲಿನ ಮಹಡಿಗೆ ಇನ್ನೂ ಪ್ಲಾಸ್ಟರ್ ಆಗಿಲ್ಲ ತಾನೇ? ಅಲ್ಲಿ ಈಗಲೇ ಕಾಲಂ ಮುಖಕ್ಕೆ ದಾರ ಕಟ್ಟಿ ನೋಡಿ. ಎಷ್ಟು ಮುಂದೆ ಬಂದಿದೆ ಅಂತ ಪ್ರತಿ ಕಾಲಂ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಯಾರ ತಪ್ಪು ಅನ್ನುವ ಜಗಳ ಅಲ್ಲಿ ಅರ್ಧ ಕಡಿಮೆ ಆಗುತ್ತದೆ.

ಹೊಸ_ಸ್ಟೋರ್
ನಾಳೆ ಬೆಳಿಗ್ಗೆ ಏಳಕ್ಕೆ ದಾರ ತಗೊಂಡು ಹೋಗುತ್ತಿದ್ದೇವೆ. ನಡುಗೋಡೆಯ ಹತ್ತು ಜಾಗ ಅಳೆದದ್ದೂ ಇಲ್ಲೇ ಹಾಕುತ್ತೇನೆ, ಜರಡಿ ಸಾರ್ ಕಾಯುತ್ತಿರುತ್ತಾರೆ.